ಒಳ ಲೆಕ್ಕಪರಿಶೋಧನೆ: ಆಡಳಿತ ಮಂಡಳಿಗೆ ಒಂದು ಪುಟದ ಸಾರಾಂಶ

ಗೆ: ಅಧ್ಯಕ್ಷರು ಮತ್ತು ನಿರ್ದೇಶಕರು, ಪತ್ತಿನ ಸೌಹಾರ್ದ ಸಹಕಾರಿ, ಬಾಗಲಕೋಟೆ
ಪ್ರತಿ: ಮುಖ್ಯ ಕಾರ್ಯನಿರ್ವಾಹಕರು
ಅವಧಿ: 1 ಏಪ್ರಿಲ್ 2025ರಿಂದ 30 ಸೆಪ್ಟೆಂಬರ್ 2025
ನೋಡಿದ ಶಾಖೆಗಳು: ಹಳೇ ಪೇಟೆ, ನವನಗರ, ಮುಧೋಳ, ಜಮಖಂಡಿ, ಗುಳೇದಗುಡ್ಡ
ಮಂಡಳಿ ಸಭೆ: 22 ನವೆಂಬರ್ 2025

ಮೊದಲು ತಿಳಿಯಬೇಕಾದದ್ದು

ಮುಧೋಳ ಶಾಖೆಯಲ್ಲಿ ಅಡವಿಟ್ಟ ಬಂಗಾರದ ಮೇಲೆ ನಮ್ಮ ಹಿಡಿತ ತಪ್ಪಿದೆ. ಈ ಪುಟದಲ್ಲಿ ಒಂದೇ ವಿಷಯ ಓದಲು ಸಮಯ ಇದ್ದರೆ ಇದನ್ನು ಓದಿ. ಒಟ್ಟು 11 ಲೋಪ ಸಿಕ್ಕಿವೆ: ತೀವ್ರ 1, ಹೆಚ್ಚು 2, ಮಧ್ಯಮ 3, ಕಡಿಮೆ 5. ನಮ್ಮ ಒಟ್ಟಾರೆ ಅಭಿಪ್ರಾಯ "ಸುಧಾರಣೆ ಬೇಕು". ಮುಧೋಳದ ವಿಷಯ ಬಿಟ್ಟರೆ "ತೃಪ್ತಿಕರ" ಅಂತಲೇ ಬರೆಯುತ್ತಿದ್ದೆವು.

ದರ್ಜೆ ಕೊಟ್ಟ ಬಗೆ

ಎರಡು ಪ್ರಶ್ನೆ ಕೇಳಿಕೊಂಡೆವು. ಇದು ಕೈಕೊಟ್ಟರೆ ಎಷ್ಟು ಪೆಟ್ಟು? ಕೈಕೊಡುವ ಸಂಭವ ಎಷ್ಟು? ಇವತ್ತಿನವರೆಗೆ ಎಷ್ಟು ರೂಪಾಯಿ ಹೋಗಿದೆ ಅನ್ನುವುದರ ಮೇಲಷ್ಟೇ ದರ್ಜೆ ನಿಂತಿಲ್ಲ. ತೀವ್ರ ಅಂದರೆ ಮಂಡಳಿ ಈ ವಾರವೇ ಕೈ ಹಾಕಬೇಕು. ಹೆಚ್ಚು ಅಂದರೆ 30 ದಿನ, ಮಧ್ಯಮ ಅಂದರೆ 90 ದಿನ. ಕಡಿಮೆ ದರ್ಜೆಯವನ್ನು ಶಾಖೆಯವರೇ ಸರಿಮಾಡಿಕೊಳ್ಳಬಹುದು.

ತೀವ್ರ: ಮುಧೋಳದ ಬಂಗಾರ ಸಾಲ

ಸ್ಟ್ರಾಂಗ್ ರೂಮಿನ ಎರಡು ಕೀ ಎರಡು ಕೈಯಲ್ಲಿ ಇರಬೇಕು. ಒಂದು ವ್ಯವಸ್ಥಾಪಕರ ಹತ್ತಿರ, ಇನ್ನೊಂದು ಕ್ಯಾಷಿಯರ್ ಹತ್ತಿರ. ಜುಲೈಯಿಂದ ಎರಡೂ ಕ್ಯಾಷಿಯರ್ ಹತ್ತಿರವೇ ಇವೆ. ಸಾಲದ ಎಂಟ್ರಿ ಮಾಡುವವರೂ ಅವರೇ, ಪಾಕೀಟಿಗೆ ಸೀಲು ಹಾಕುವವರೂ ಅವರೇ.

ಅಕ್ಟೋಬರ್ 14ರಂದು 212 ಪಾಕೀಟುಗಳಲ್ಲಿ 40 ಆರಿಸಿ ನೋಡಿದೆವು. ಎರಡು ಪಾಕೀಟು ಜಾಗದಲ್ಲಿ ಇರಲಿಲ್ಲ. ಆ ಎರಡರ ಮೇಲಿನ ಸಾಲ ₹3.40 ಲಕ್ಷ, ಖಾತೆ ಇನ್ನೂ ಚಾಲ್ತಿಯಲ್ಲಿದೆ. ಮರುದಿನ ಬೆಳಿಗ್ಗೆ ಎರಡೂ ಬಂದವು. "ಹರಾಜಿನ ಪಟ್ಟಿ ನೋಡಲು ಪ್ರಧಾನ ಕಚೇರಿಗೆ ಕಳಿಸಿದ್ದೆವು" ಅಂತ ಹೇಳಿದರು. ಪಾಕೀಟು ಹೊರಗೆ ಹೋದದ್ದು ಯಾವ ರಿಜಿಸ್ಟರಿನಲ್ಲೂ ಇಲ್ಲ, ಪ್ರಧಾನ ಕಚೇರಿಯಲ್ಲಿ ಅದನ್ನು ಪಡೆದವರೂ ಯಾರೂ ಇಲ್ಲ. ಇನ್ನು ಮೂರು ಪಾಕೀಟುಗಳಲ್ಲಿ ತೂಕ ಒಟ್ಟು 19 ಗ್ರಾಂ ಕಡಿಮೆ. ಅವುಗಳ ಸೀಲು ಒಡೆದಿರಲಿಲ್ಲ. ಸಾಲ ಕೊಡುವಾಗಲೇ ತೂಕ ಜಾಸ್ತಿ ಬರೆದಿರಬೇಕು, ಇಲ್ಲವೇ ನಂತರ ಹೊಸ ಸೀಲು ಬಿದ್ದಿರಬೇಕು. ಎರಡರಲ್ಲಿ ಯಾವುದಾದರೂ ಸಣ್ಣ ವಿಷಯ ಅಲ್ಲ.

ಆ ಶಾಖೆಯ ಬಂಗಾರ ಸಾಲ ಸುಮಾರು ₹2.5 ಕೋಟಿ. ನಮ್ಮ ವಿಮಾ ಪಾಲಿಸಿಯಲ್ಲಿ ಜೋಡಿ ಕೀ ಷರತ್ತು ಇದೆ. ನಾಳೆ ಕಳವಾದರೆ ಕ್ಲೇಮು ತಿರಸ್ಕಾರ ಆಗಬಹುದು. ಹಣದ ಮಾತು ಹಾಗಿರಲಿ, ಮಗಳ ಮದುವೆಗೆ ಅಂತ ಕಟ್ಟಿಟ್ಟ ಒಡವೆ ಸಂಘದಲ್ಲಿ ಸಿಗಲಿಲ್ಲ ಅನ್ನುವ ಸುದ್ದಿ ಮುಧೋಳ ಸಂತೆಯಲ್ಲಿ ಒಮ್ಮೆ ಹಬ್ಬಿದರೆ ಠೇವಣಿದಾರರು ಎಲ್ಲ ಶಾಖೆಗಳಲ್ಲೂ ಸಾಲು ನಿಲ್ಲುತ್ತಾರೆ.

ಶಾಖಾ ವ್ಯವಸ್ಥಾಪಕರು ಲಿಖಿತ ಉತ್ತರದಲ್ಲಿ "ಒಡವೆ ಸಿಕ್ಕಿವೆ, ನಷ್ಟ ಆಗಿಲ್ಲ, ದರ್ಜೆ ಮಧ್ಯಮಕ್ಕೆ ಇಳಿಸಬೇಕು" ಅಂತ ಕೇಳಿದ್ದಾರೆ. ಇಳಿಸಿಲ್ಲ. 40ರಲ್ಲಿ 5 ಕಡೆ ದೋಷ ಸಿಕ್ಕಿದೆ, ಉಳಿದ 172 ಪಾಕೀಟು ಇನ್ನೂ ಯಾರೂ ತೆರೆದಿಲ್ಲ. ತಡೆಯುವ ವ್ಯವಸ್ಥೆಯೇ ಇಲ್ಲದ ಕಡೆ ಈವರೆಗೆ ನಷ್ಟ ಕಾಣಲಿಲ್ಲ ಅನ್ನುವುದು ಸಮಾಧಾನದ ಮಾತಲ್ಲ. ಯಾರ ಮೇಲೂ ನಾವು ಆರೋಪ ಹೊರಿಸುತ್ತಿಲ್ಲ. ಎಣಿಕೆ ಮುಗಿಯುವವರೆಗೆ ಕ್ಯಾಷಿಯರ್‌ಗೆ ಬೇರೆ ಕೆಲಸ ಕೊಡುವುದು ಅವರ ಹಿತಕ್ಕೂ ಒಳ್ಳೆಯದು.

ಹೆಚ್ಚು: ₹20,000 ಮೀರಿದ ಠೇವಣಿಯನ್ನು ನಗದಾಗಿ ವಾಪಸು ಕೊಟ್ಟದ್ದು

ಜಮಖಂಡಿ ಮತ್ತು ಗುಳೇದಗುಡ್ಡದಲ್ಲಿ 23 ಪ್ರಕರಣ, ಒಟ್ಟು ₹14.6 ಲಕ್ಷ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 269ಟಿ ಪ್ರಕಾರ ಅಸಲು ಮತ್ತು ಬಡ್ಡಿ ಸೇರಿ ₹20,000 ಅಥವಾ ಅದಕ್ಕಿಂತ ಜಾಸ್ತಿ ಆದರೆ ಅಕೌಂಟ್ ಪೇಯಿ ಚೆಕ್, ಅಕೌಂಟ್ ಪೇಯಿ ಡ್ರಾಫ್ಟ್ ಅಥವಾ ಬ್ಯಾಂಕ್ ಖಾತೆಗೆ ಎಲೆಕ್ಟ್ರಾನಿಕ್ ವರ್ಗಾವಣೆ ಮೂಲಕವೇ ಕೊಡಬೇಕು. ಸೆಕ್ಷನ್ 271ಇ ಅಡಿ ದಂಡ ಎಂದರೆ ಕೊಟ್ಟ ಮೊತ್ತದಷ್ಟೇ. ಅಂದರೆ ₹14.6 ಲಕ್ಷದವರೆಗೆ ಬೀಳಬಹುದು.

ಸಿಬ್ಬಂದಿ ಬೇಕಂತ ಮಾಡಿದ್ದಲ್ಲ. 9 ಪ್ರಕರಣಗಳಲ್ಲಿ ಅಸಲು ಮಾತ್ರ ಲೆಕ್ಕ ಹಿಡಿದು, ಬಡ್ಡಿ ಸೇರಿ ಮಿತಿ ದಾಟಿದ್ದನ್ನು ನೋಡಿಲ್ಲ. ಇನ್ನು ಕೆಲವರು 2023ರಲ್ಲಿ ಮಿತಿ ₹2 ಲಕ್ಷಕ್ಕೆ ಏರಿತು ಅಂತ ನಂಬಿದ್ದಾರೆ. ಅದು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಮತ್ತು ಪ್ರಾಥಮಿಕ ಕೃಷಿ, ಗ್ರಾಮೀಣ ಅಭಿವೃದ್ಧಿ ಬ್ಯಾಂಕುಗಳಿಗೆ ಮಾತ್ರ. ನಮಗೆ ಅದು ಅನ್ವಯ ಆಗುವುದಿಲ್ಲ. ಕೌಂಟರಿಗೆ ಬಂದ ನೇಕಾರರು, ಕಬ್ಬು ಬೆಳೆಗಾರರು ನಗದೇ ಬೇಕು ಅನ್ನುತ್ತಾರೆ, ಗುರುತಿನವರಿಗೆ ಇಲ್ಲ ಅನ್ನುವುದು ಕಷ್ಟ. ಅದಕ್ಕೇ ಇದನ್ನು ಸಿಬ್ಬಂದಿಯ ಧೈರ್ಯಕ್ಕೆ ಬಿಡದೆ ಸಾಫ್ಟ್‌ವೇರಿನಲ್ಲೇ ತಡೆ ಹಾಕಿಸಬೇಕು.

ಹೆಚ್ಚು: ಪಿಗ್ಮಿ ಹಣ ತಡವಾಗಿ ಕಟ್ಟುವುದು

ಹಳೇ ಪೇಟೆಯ 14 ಪಿಗ್ಮಿ ಏಜೆಂಟರಲ್ಲಿ 4 ಮಂದಿ ಸಂಗ್ರಹಿಸಿದ ಹಣವನ್ನು ಮರುದಿನ ಕಟ್ಟದೆ 3ರಿಂದ 6 ದಿನ ಇಟ್ಟುಕೊಂಡಿದ್ದಾರೆ. 60 ಗ್ರಾಹಕರಿಗೆ ಫೋನು ಮಾಡಿ ಬಾಕಿ ಕೇಳಿದೆವು. ಇಬ್ಬರದ್ದು ಹೊಂದಲಿಲ್ಲ, ವ್ಯತ್ಯಾಸ ₹1,150. ಮೊತ್ತ ಚಿಕ್ಕದು. ಆದರೆ ಯಂತ್ರದ ಸಂಗ್ರಹವನ್ನು ಕಟ್ಟಿದ ಹಣದ ಜೊತೆ ದಿನಾಲೂ ತಾಳೆ ನೋಡುವವರೇ ಇಲ್ಲ. ತರಕಾರಿ ಮಾರಿ ದಿನಕ್ಕೆ ಐವತ್ತು, ನೂರು ಕಟ್ಟುವವರ ದುಡ್ಡು ಇದು. ಅದಕ್ಕೇ ದರ್ಜೆ ಇಳಿಸಲಿಲ್ಲ.

ಮಧ್ಯಮ

ಗುಳೇದಗುಡ್ಡದಲ್ಲಿ ಜಾಮೀನುದಾರರನ್ನು ಮತ್ತೆ ಪರಿಶೀಲಿಸದೆ 7 ಸಾಲ ನವೀಕರಿಸಿದ್ದಾರೆ. ಕೆಲಸ ಬಿಟ್ಟ ಮೂವರ ಲಾಗಿನ್ ಇನ್ನೂ ಚಾಲ್ತಿಯಲ್ಲಿದೆ, ಇದನ್ನು ಇವತ್ತೇ ಬಂದ್ ಮಾಡಬಹುದು. ಜಮಖಂಡಿಯಲ್ಲಿ ಸಂತೆ ದಿನ ಕ್ಯಾಷ್ ಮಿತಿ ಮೀರುತ್ತಿದೆ.

ಕಡಿಮೆ, ಆದರೆ ಸಭೆಯಲ್ಲಿ ಮೊದಲು ಎದ್ದೇಳುವ ವಿಷಯ

ನವನಗರ ಕಟ್ಟಡದ ₹4.8 ಲಕ್ಷದ ದುರಸ್ತಿ ಬಿಲ್ಲಿನ ಬಗ್ಗೆ ನಿರ್ದೇಶಕರಲ್ಲಿ ಬಹಳ ಮಾತು ನಡೆದಿದೆ. ಮೂರು ಕೊಟೇಶನ್ ಇವೆ, ಒಂದರ ತಾರೀಖು ಮಾತ್ರ ಆದೇಶದ ನಂತರದ್ದು. ದರ ಪೇಟೆಯ ದರಕ್ಕೆ ಹೊಂದುತ್ತದೆ, ಕೆಲಸ ಆಗಿದೆ. ಇದು ಕಾಗದ ಸರಿಪಡಿಸುವ ವಿಷಯ, ಅಷ್ಟೇ. ಸಭೆಯ ಅರ್ಧ ಗಂಟೆ ಇದಕ್ಕೆ ಹೋದರೆ ಮುಧೋಳಕ್ಕೆ ಸಮಯ ಉಳಿಯುವುದಿಲ್ಲ. ಉಳಿದ ನಾಲ್ಕು ಪೂರ್ಣ ವರದಿಯಲ್ಲಿವೆ.

ಮಂಡಳಿಯಿಂದ ಬೇಕಾದ ಠರಾವು

ಮುಧೋಳದ ಕೀಗಳನ್ನು ನವೆಂಬರ್ 24ರ ಸೋಮವಾರವೇ ಬೇರೆ ಬೇರೆ ಕೈಗೆ ಕೊಡುವುದು. ಉಳಿದ 172 ಪಾಕೀಟನ್ನು ಬೇರೆ ಶಾಖೆಯ ಬಂಗಾರ ಪರೀಕ್ಷಕರು ಮತ್ತು ಇಬ್ಬರು ನಿರ್ದೇಶಕರ ಮುಂದೆ ತೆರೆದು ನವೆಂಬರ್ 29ರೊಳಗೆ ತೂಗಿಸುವುದು. ಜವಾಬ್ದಾರಿ ಮುಖ್ಯ ಕಾರ್ಯನಿರ್ವಾಹಕರದ್ದು. ಠೇವಣಿ ನಗದು ತಡೆ ಮತ್ತು ಪಿಗ್ಮಿ ತಾಳೆ ಡಿಸೆಂಬರ್ 22ರೊಳಗೆ, ಜವಾಬ್ದಾರಿ ಲೆಕ್ಕ ವಿಭಾಗದ್ದು. 23 ಪ್ರಕರಣಗಳ ಬಗ್ಗೆ ತೆರಿಗೆ ಸಲಹೆಗಾರರ ಲಿಖಿತ ಅಭಿಪ್ರಾಯ ಪಡೆಯುವುದು.

ಡಿಸೆಂಬರ್ 1ರಂದು ಮುಧೋಳದ ಎಣಿಕೆಯ ಫಲಿತಾಂಶ ಅಧ್ಯಕ್ಷರಿಗೆ ನೇರವಾಗಿ ಕೊಡುತ್ತೇವೆ. ತೂಕ ಮತ್ತೆ ಕಡಿಮೆ ಬಂದರೆ ವಿಷಯ ಪೊಲೀಸರಿಗೆ ಕೊಡಬೇಕೋ ಬೇಡವೋ ಎಂದು ಮಂಡಳಿ ಅದೇ ವಾರ ತುರ್ತು ಸಭೆ ಕರೆದು ತೀರ್ಮಾನಿಸಬೇಕು.

ಒಳ ಲೆಕ್ಕಪರಿಶೋಧಕರು
ಬಾಗಲಕೋಟೆ, 17 ನವೆಂಬರ್ 2025