ಡಬ್ಬಿ ಹಿಂದ್ಗಡೆ ತಿರುಗ್ಸಿ ನೋಡ್ರಪ್ಪ: ಹಾಸ್ಟೆಲ್ ಹೆಲ್ತ್ ಕ್ಲಬ್ ಮೀಟಿಂಗಲ್ಲಿ ಆಡಿದ ಮಾತು

ಹೆಡ್‌ಮಿಸ್‌ಗೆ, ವಾರ್ಡನ್ ಮೇಡಂಗೆ, ಸೈನ್ಸ್ ಸರ್‌ಗೆ, ಹಿಂದ್ಗಡೆ ಈಗಾಗ್ಲೇ ಆಕಳಿಸ್ತಿರೋ ಎಂಟನೇ ಕ್ಲಾಸ್ ಹುಡುಗ್ರಿಗೆ, ಎಲ್ರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸು, ಈ ವರ್ಷ ಹೆಲ್ತ್ ಕ್ಲಬ್ ಸೆಕ್ರೆಟರಿ. ಸರ್ ಹತ್ತೇ ನಿಮಿಷ ಕೊಟ್ಟವ್ರೆ, ಆಮೇಲೆ ಊಟದ ಬೆಲ್ಲು, ಅದಕ್ಕೆ ನೇರ ವಿಷಯಕ್ಕೇ ಬರ್ತೀನಿ: ಸೋಪು, ಶಾಂಪೂ, ಪೇಸ್ಟು, ಕ್ರೀಮು ತಗೊಳ್ಳೋವಾಗ, ಬಳಸೋವಾಗ ಏನೇನ್ ನೋಡ್ಬೇಕು ಅಂತ.

ನಮಗೆಲ್ಲ ಮನೆಯಿಂದ ತಿಂಗಳಿಗೆ ಖರ್ಚಿಗೆ ಅಂತ ಬರೋದು 200, ಹೆಚ್ಚಂದ್ರೆ 300 ರೂಪಾಯಿ. ಅದ್ರಲ್ಲೇ ಸೋಪು, ಪೇಸ್ಟು, ಎಣ್ಣೆ, ಪೆನ್ನು, ಪಪ್ಸು ಎಲ್ಲಾ. ಹೋದ ತಿಂಗಳು ನಮ್ ರೂಮಲ್ಲಿ ಯಾರ್ ಯಾರ್ ಹತ್ರ ಏನೇನಿದೆ ಅಂತ ಸುಮ್ನೆ ಮಂಚದ್ ಮೇಲೆ ಇಟ್ಟು ನೋಡಿದ್ವಿ, ಒಬ್ಳ ಹತ್ರ ಮೂರು ಥರ ಫೇಸ್‌ವಾಶ್ ಇತ್ತು ಆದ್ರೆ ಬ್ರಷ್ ಮಾತ್ರ ಒಂದ್ ವರ್ಷದ್ದು, ಕೂದ್ಲು ಎಲ್ಲಾ ಮಲಗಿಬಿಟ್ಟಿತ್ತು. ಬ್ರಷ್‌ನ ಮೂರ್ನಾಲ್ಕು ತಿಂಗಳಿಗೆ ಬದಲಾಯಿಸ್ಬೇಕು. ಅವಳ ಹೆಸ್ರು ಹೇಳಲ್ಲ, ಅವಳೇ ನಗ್ತಾ ಇದಾಳೆ ನೋಡಿ.

ಮೊದ್ಲು ಸೋಪು. ಪ್ಯಾಕೆಟ್ ಮುಂದ್ಗಡೆ ಗುಲಾಬಿ ಹೂವು, ಹಾಲು, ಬಾದಾಮಿ ಏನ್ ಬೇಕಾದ್ರೂ ಇರ್ಲಿ, ನೀವು ಹಿಂದ್ಗಡೆ ತಿರುಗ್ಸಿ ಟಿಎಫ್‌ಎಂ ಅಂತ ಸಣ್ಣಕ್ಷರದಲ್ಲಿ ಇದೆಯಾ ನೋಡಿ. ಆ ಸೋಪಲ್ಲಿ ನಿಜವಾದ ಕೊಬ್ಬಿನಂಶ ಎಷ್ಟು ಅನ್ನೋದು ಅದು. 76 ಪರ್ಸೆಂಟ್ ಅಥವಾ ಜಾಸ್ತಿ ಇದ್ರೆ ಗ್ರೇಡ್ 1, 70 ಇದ್ರೆ ಗ್ರೇಡ್ 2, 60 ಇದ್ರೆ ಗ್ರೇಡ್ 3. ಬೇದಿಂಗ್ ಬಾರ್ ಅಂತ ಬರೆದಿರೋದ್ರಲ್ಲಿ ಇನ್ನೂ ಕಮ್ಮಿ ಇರಬಹುದು, 40ರವರೆಗೂ. ಕೊಬ್ಬಿನಂಶ ಜಾಸ್ತಿ ಇರೋ ಸೋಪು ಬೇಗ ಕರಗಲ್ಲ, ಮೈಯೂ ಅಷ್ಟು ಒಣಗಲ್ಲ, ಹಂಗಾಗಿ ಎರಡು ರೂಪಾಯಿ ಜಾಸ್ತಿ ಕೊಟ್ರೂ ಕೊನೆಗೆ ಉಳಿತಾಯಾನೇ. ಆದ್ರೆ ನೀರು ನಿಲ್ಲೋ ಡಬ್ಬೀಲಿ ಇಟ್ರೆ ಯಾವ ಗ್ರೇಡಾದ್ರೂ ಒಂದೇ ವಾರಕ್ಕೆ ಗಂಜಿ ಆಗತ್ತೆ, ತಳದಲ್ಲಿ ತೂತಿರೋ ಡಬ್ಬಿ ತಗೊಳ್ಳಿ. ಇನ್ನು ಬಟ್ಟೆ ಸೋಪಲ್ಲೇ ಸ್ನಾನ ಮುಗಿಸೋ ವೀರರು ಗಂಡ್ಮಕ್ಕಳ ಕಡೆ ಇಬ್ರೋ ಮೂವರೋ ಇದಾರೆ ಅಂತ ಕೇಳ್ಪಟ್ಟೆ. ಅದು ಬಟ್ಟೆಗೆ ಮಾಡಿರೋದು ಕಣ್ರಪ್ಪ, ಚರ್ಮ ಬಿರಿಯತ್ತೆ, ಆಮೇಲೆ ಕೆರ್ಕೊಂಡು ನಿದ್ದೆ ಬರಲ್ಲ ಅಂತೀರ.

ಶಾಂಪೂ ಲೆಕ್ಕ ಕೇಳಿ. ದೊಡ್ಡ ಬಾಟ್ಲಿ ತಗೊಂಡ್ರೆ ಅಗ್ಗ ಅಂತ ನಾನೂ ಅಂದ್ಕೊಂಡಿದ್ದೆ. ಹೋದ ಭಾನುವಾರ ಬಸ್ ಸ್ಟ್ಯಾಂಡ್ ಹತ್ರ ಅಂಗಡೀಲಿ ನಿಂತು ಲೆಕ್ಕ ಹಾಕ್ದೆ, ಒಂದೇ ಕಂಪನೀದು, 2 ರೂಪಾಯಿ ಸ್ಯಾಶೇಲಿ 6 ಎಂಎಲ್, ಅಂದ್ರೆ ಎಂಎಲ್‌ಗೆ 33 ಪೈಸೆ. ಬಾಟ್ಲಿ 90 ಎಂಎಲ್‌ಗೆ 85 ರೂಪಾಯಿ, ಎಂಎಲ್‌ಗೆ 94 ಪೈಸೆ! ಅಂಗಡಿ ಅಂಕಲ್ ಏನಮ್ಮ ಪರೀಕ್ಷೆನಾ ಅಂದ್ರು. ಎಲ್ಲಾದಕ್ಕೂ ಹಿಂಗೇ ಇರಲ್ಲ, ಎಣ್ಣೇಲಿ ಉಲ್ಟಾನೂ ಆಗಬಹುದು, ಅದಕ್ಕೆ ರೇಟನ್ನ ಎಂಎಲ್‌ನಿಂದ ಭಾಗಿಸಿ ನೋಡಿ, ಐದನೇ ಕ್ಲಾಸ್ ಗಣಿತ ಸಾಕು. ಮನೇಲಿ ಸೀಗೆಕಾಯಿ ಪುಡಿ ಇದ್ರೆ ಅದೂ ಆಗತ್ತೆ, ಕಣ್ಣಿಗೆ ಬೀಳದಂಗೆ ಹಚ್ಕೊಳ್ಳಿ.

ಈಗ ಹಲ್ಲು, ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಇದು ನಮ್ ಪಾವಗಡ ಕಡೆಯವ್ರದ್ದೇ ಕಥೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಹಲ್ಲಲ್ಲಿ ಹಳದಿ, ಕಂದು ಕಲೆ ಇದೆ, ಫೋಟೋ ತೆಗೀವಾಗ ಬಾಯಿ ಮುಚ್ಕೊಳ್ತೀವಿ. ಅದು ಕೊಳೆ ಅಲ್ಲ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರೋದ್ರಿಂದ, ನಾವು ಚಿಕ್ಕೋರಿದ್ದಾಗ ವಸಡಿನೊಳಗೆ ಹಲ್ಲು ತಯಾರಾಗ್ತಾ ಇರೋವಾಗ್ಲೇ ಆದ ಕಲೆ. ಅದನ್ನ ತೆಗೀತೀನಿ ಅಂತ ಇಟ್ಟಿಗೆ ಪುಡಿ, ಇದ್ದಿಲು ಪುಡಿ, ಉಪ್ಪು, ಈಗ ಹೊಸದಾಗಿ ಕಪ್ಪು ಚಾರ್ಕೋಲ್ ಪೌಡರು, ಇವೆಲ್ಲ ಹಾಕಿ ಉಜ್ಜಿದ್ರೆ ಕಲೆ ಹೋಗಲ್ಲ, ಹಲ್ಲಿನ ಮೇಲ್ಪದರ ಸವೆದು ಹೋಗತ್ತೆ, ಆಮೇಲೆ ತಣ್ಣೀರು ಕುಡಿದ್ರೂ ಜುಮ್ ಅನ್ನತ್ತೆ. ನಮ್ಮಣ್ಣ ಮಾಡ್ಕೊಂಡವ್ನೆ, ಈಗ ಐಸ್‌ಕ್ರೀಂ ತಿನ್ನಲ್ಲ. ಹಾಗಾದ್ರೆ ಫ್ಲೋರೈಡ್ ಪೇಸ್ಟ್ ಬಳಸ್ಬಹುದಾ ಅಂತ ತುಂಬಾ ಜನ ಕೇಳ್ತಾರೆ. ನುಂಗಿದ್ರೆ ತಾನೇ ತೊಂದರೆ, ಉಗುಳೋಕೆ ಬರೋ ವಯಸ್ಸು ನಮ್ದು. ಬಟಾಣಿ ಕಾಳಿನಷ್ಟು ಹಾಕಿ, ಚೆನ್ನಾಗಿ ಉಗುಳಿ. ಟೀವಿಲಿ ತೋರಿಸೋ ಹಂಗೆ ಬ್ರಷ್ ಉದ್ದಕ್ಕೂ ಅಲೆ ಅಲೆಯಾಗಿ ಹಾಕೋದು ಕಂಪನೀಗೆ ಲಾಭ ಅಷ್ಟೇ. ಕುಡಿಯೋಕೆ ಮಾತ್ರ ಆರ್‌ಓ ನೀರೇ, ನಲ್ಲಿ ಹತ್ರ ಕ್ಯೂ ಅಂತ ಬೋರ್ ನೀರು ಕುಡಿಬೇಡಿ.

ಮುಂದಿನದು ಬೆಳ್ಳಗಾಗೋ ಕ್ರೀಮು. ಹೋದ ವರ್ಷ ನನ್ ಗೆಳತಿ ಒಬ್ಳು ಜಾತ್ರೇಲಿ ಒಂದ್ ಡಬ್ಬಿ ತಗೊಂಡ್ಲು, ಮೇಲೆ ಕಂಪನಿ ಅಡ್ರೆಸ್ಸೂ ಇಲ್ಲ, ಬ್ಯಾಚ್ ನಂಬರೂ ಇಲ್ಲ. ಹದಿನೈದೇ ದಿನಕ್ಕೆ ಮುಖ ಫಳ ಫಳ ಅಂತು, ನಾವೆಲ್ಲ ನಮಗೂ ತಂದ್ಕೊಡು ಅಂದ್ವಿ. ಹಚ್ಚೋದು ಬಿಟ್ಟ ವಾರಕ್ಕೆ ಮುಖವೆಲ್ಲ ಕೆಂಪು, ಉರಿ, ಮೊಡವೆ, ಬಿಸಿಲಿಗೆ ಹೋಗೋ ಹಂಗಿಲ್ಲ. ಡಾಕ್ಟ್ರು ನೋಡಿದ ತಕ್ಷಣ ಸ್ಟಿರಾಯ್ಡ್ ಇರೋ ಕ್ರೀಮು ಅಂದ್ರು. ಇಂಥ ಕೆಲವು ಕ್ರೀಮಲ್ಲಿ ಪಾದರಸ ಇರತ್ತೆ, ಅದು ಚರ್ಮದಿಂದ ಒಳಗೆ ಹೋಗಿ ಕಿಡ್ನಿಗೇ ತೊಂದರೆ ಕೊಡತ್ತೆ, 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಅಂಥ ಕೇಸುಗಳು ಸಿಕ್ಕಿ ಪೇಪರಲ್ಲೆಲ್ಲ ಬಂದಿತ್ತು. ಹುಳಕಡ್ಡಿ ಆದ್ರೂ ಅಷ್ಟೇ, ಅಂಗಡಿಯವ್ರು ಕೊಟ್ಟ ಸ್ಟಿರಾಯ್ಡ್ ಮಿಕ್ಸ್ ಕ್ರೀಮು ಹಚ್ಚಿದ್ರೆ ಎರಡು ದಿನ ತುರಿಕೆ ಕಮ್ಮಿ, ಆಮೇಲೆ ಮೈ ತುಂಬಾ ಹರಡತ್ತೆ. ಅಡ್ರೆಸ್ಸು, ಲೈಸೆನ್ಸ್ ನಂಬರು, ಬ್ಯಾಚು, ತಯಾರಾದ ದಿನ, ಎಕ್ಸ್‌ಪೈರಿ, ಎಂಆರ್‌ಪಿ, ಇಷ್ಟೂ ಇಲ್ದೇ ಇರೋದನ್ನ ಪುಕ್ಸಟ್ಟೆ ಕೊಟ್ರೂ ಮುಟ್ಬೇಡಿ. ಮತ್ತೆ, ನಮ್ ಬಣ್ಣಕ್ಕೆ ಏನಾಗಿದೆ ಅಂತೀನಿ?

ಪ್ಯಾಡ್ ವಿಷಯ ಹೇಳ್ತೀನಿ, ಗಂಡ್ಮಕ್ಕಳು ನಗೋದೇನೂ ಇಲ್ಲ, ನಿಮ್ಮ ಅಕ್ಕ ತಂಗೀರಿಗೂ ಬೇಕಾಗಿರೋದೇ. ಜನೌಷಧಿ ಅಂಗಡೀಲಿ ಸುವಿಧಾ ಪ್ಯಾಡ್ ಒಂದಕ್ಕೆ ಒಂದೇ ರೂಪಾಯಿ, 2019ರಿಂದ ಅದೇ ರೇಟು. ಸೆಂಟ್ ಹಾಕಿರೋ ಪ್ಯಾಡು ಬೇಡ, ಕೆಲವ್ರಿಗೆ ಉರಿ ಬರತ್ತೆ. ಎಷ್ಟೇ ಒಳ್ಳೇದಾದ್ರೂ ನಾಲ್ಕರಿಂದ ಆರು ಗಂಟೆಗೆ ಬದಲಾಯಿಸಿ, ಉಳೀಲಿ ಅಂತ ಇಡೀ ದಿನ ಇಟ್ಕೋಬೇಡಿ. ಬಟ್ಟೆ ಬಳಸೋರು ಕತ್ತಲೆ ಮೂಲೇಲಿ ಒಣಗಿಸೋದು ಬೇಡ, ಬಿಸಿಲಿಗೆ ಹಾಕಿ. ಇದಕ್ಕೆ ಬಾತ್‌ರೂಮ್ ಹಿಂದೆ ಒಂದ್ ಹಗ್ಗ ಕಟ್ಟಿಸಿಕೊಡ್ತೀನಿ ಅಂತ ವಾರ್ಡನ್ ಮೇಡಂ ಒಪ್ಕೊಂಡವ್ರೆ, ಎಲ್ರ ಮುಂದೆ ಹೇಳ್ತಿದೀನಿ ಮೇಡಂ, ಮರೀಬೇಡಿ.

ಹಂಚ್ಕೊಳ್ಳೋದು ಒಳ್ಳೆ ಗುಣ, ಆದ್ರೆ ಬಾಚಣಿಗೆ, ಟವೆಲ್ಲು, ರೇಜರು, ಬ್ರಷ್ಷು, ಇವು ನಾಲ್ಕು ಬೇಡ. ಹೇನು, ಕಜ್ಜಿ ಹಿಂಗೇ ರೂಮಿಂದ ರೂಮಿಗೆ ಹೋಗೋದು. ಒಬ್ರಿಗೆ ಕಜ್ಜಿ ಆದ್ರೆ ರೂಮಲ್ಲಿ ಎಲ್ರೂ ಒಂದೇ ದಿನ ಔಷಧಿ ಹಚ್ಕೊಂಡು, ಬಟ್ಟೆ ಹೊದಿಕೆ ಬಿಸಿನೀರಲ್ಲಿ ಒಗೀಬೇಕು, ಇಲ್ಲಾಂದ್ರೆ ಸುತ್ತಿಕೊಂಡು ಮತ್ತೆ ಅವ್ರಿಗೇ ಬರತ್ತೆ. ನಾಚ್ಕೊಂಡು ಮುಚ್ಚಿಡೋರಿಂದ್ಲೇ ಹೋದ ವರ್ಷ ಮೂರು ರೂಮು ಕೆರ್ಕೊಂಡ್ ಕೂತಿದ್ದು.

ಎಂಆರ್‌ಪಿಗಿಂತ ಜಾಸ್ತಿ ಕೇಳಿದ್ರೆ 1915ಕ್ಕೆ ಫೋನ್ ಮಾಡಬಹುದು, ಗ್ರಾಹಕರ ಹೆಲ್ಪ್‌ಲೈನು. ವಾರ್ಡನ್ ಮೇಡಂ ಫೋನಿಂದ ಮಾಡೋಣ.

ಶನಿವಾರ ಸಂಜೆ ಸ್ಟಡಿ ಅವರ್ ಆದ್ಮೇಲೆ ಎಲ್ರೂ ನಿಮ್ ನಿಮ್ ಸೋಪಿನ ಕವರು, ಕ್ರೀಮ್ ಡಬ್ಬಿ ತಗೊಂಡು ಡೈನಿಂಗ್ ಹಾಲ್‌ಗೆ ಬನ್ನಿ, ಟಿಎಫ್‌ಎಂ ಜಾಸ್ತಿ ಇರೋ ಸೋಪು ಯಾರ್ದು ಅಂತ ಬೋರ್ಡ್ ಮೇಲೆ ಬರೆಯೋಣ. ಡೇಟ್ ಮುಗಿದಿರೋದನ್ನ ಹಾಕೋಕೆ ಒಂದು ಬಕೆಟ್ ಇಟ್ಟಿರ್ತೀನಿ, ಮೊದಲ್ನೇದು ನಂದೇ, ನಮ್ ಚಿಕ್ಕಮ್ಮ ಪ್ರೀತಿಯಿಂದ ಕೊಟ್ಟಿದ್ದ ಪೌಡರು, ಎಕ್ಸ್‌ಪೈರಿ ಆಗಿ ಎರಡು ವರ್ಷ. ಬೆಲ್ ಹೊಡೀತು, ಇವತ್ತು ಚಿತ್ರಾನ್ನ ಅಂತೆ, ನಡೀರಿ.