ಕನ್ನಡಕ ಫ್ರೇಮುಗಳು: ಅಳತೆ, ಲೆನ್ಸ್, ಕೋಟಿಂಗ್, ಬೆಲೆ (ಬದಿಯಡ್ಕ ಪೇಟೆಯ ನಮ್ಮ ಅಂಗಡಿಯಿಂದ)

ಫೋಟೋ ನೋಡಿ ಬಣ್ಣ ಆರಿಸುವ ಮೊದಲು ಒಂದು ಸ್ಕೇಲ್ ಹುಡುಕಿ ಇಟ್ಟುಕೊಳ್ಳಿ. ಮಿಲಿಮೀಟರ್ ಗೆರೆ ಸ್ಪಷ್ಟವಾಗಿರುವ ಮಕ್ಕಳ ಸ್ಕೇಲ್ ಸಾಕು. ಬಟ್ಟೆ ಹೊಲಿಯುವ ಟೇಪ್ ಬೇಡ, ಅದು ಬಾಗುತ್ತದೆ. ಇಲ್ಲಿರುವ ಪ್ರತಿ ಫ್ರೇಮಿಗೂ ಅಳತೆ ಕೊಟ್ಟಿದ್ದೇವೆ. ನಿಮ್ಮ ಅಳತೆಗೆ ಹೊಂದುವುದನ್ನು ಮೊದಲು ಬೇರೆ ಮಾಡಿ, ಆಮೇಲೆ ಚಂದ ನೋಡಿ.

ನಿಮ್ಮ ಅಳತೆ ನೀವೇ ತೆಗೆಯುವುದು

ಸರಿಯಾಗಿ ಕೂರುವ ಹಳೆಯ ಕನ್ನಡಕ ಇದ್ದರೆ ಕೆಲಸ ಸುಲಭ. ಅದರ ಕಾಲಿನ ಒಳಗಡೆ ನೋಡಿ. 52□18-140 ಎಂಬಂಥ ಅಂಕಿಗಳು ಇರುತ್ತವೆ. 52 ಅಂದರೆ ಒಂದು ಲೆನ್ಸಿನ ಅಗಲ, 18 ಅಂದರೆ ಮೂಗಿನ ಮೇಲೆ ಕೂರುವ ಬ್ರಿಡ್ಜ್, 140 ಅಂದರೆ ಕಾಲಿನ ಉದ್ದ. ಎಲ್ಲವೂ ಮಿಲಿಮೀಟರಿನಲ್ಲಿ. ಅಂಕಿ ಅಳಿಸಿಹೋಗಿದ್ದರೆ ಸ್ಕೇಲಿನಲ್ಲೇ ಅಳೆಯಿರಿ.

ಈ ಮೂರು ಅಂಕಿಗಳಲ್ಲಿ ಫ್ರೇಮಿನ ಒಟ್ಟು ಅಗಲ ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಕನ್ನಡಕವನ್ನು ಮೇಜಿನ ಮೇಲೆ ಇಟ್ಟು, ಎದುರಿನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಅಂದರೆ ಕಾಲು ಮಡಚುವ ಜಾಗದಿಂದ ಆಚೆಯ ಜಾಗದವರೆಗೆ, ನೇರವಾಗಿ ಅಳೆಯಿರಿ. ಸುಮಾರು 130ಕ್ಕಿಂತ ಕಡಿಮೆ ಬಂದರೆ ಸಣ್ಣ, 130ರಿಂದ 138 ಮಧ್ಯಮ, ಅದಕ್ಕಿಂತ ಮೇಲೆ ಅಗಲ ಎಂದು ನಾವು ವಿಂಗಡಿಸುತ್ತೇವೆ. ಹಳೆಯದಕ್ಕೂ ಹೊಸದಕ್ಕೂ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಇದ್ದರೆ ತೊಂದರೆ ಇಲ್ಲ. ಆರು ಏಳು ಇದ್ದರೆ ಬೇಡ.

ಹಳೆಯ ಕನ್ನಡಕವೇ ಇಲ್ವಾ? ಕನ್ನಡಿ ಎದುರು ನಿಂತು, ಕಣ್ಣಿನ ಕೆಳಗೆ ಸ್ಕೇಲನ್ನು ಅಡ್ಡ ಹಿಡಿದು, ಮುಖದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ನೋಡಿ. ಹತ್ತಿರ ಹತ್ತಿರ ಅಷ್ಟೇ ಅಗಲದ ಫ್ರೇಮ್ ನಿಮಗೆ ಬೇಕು. ಹಾಕಿದಾಗ ಕಾಲುಗಳು ಹೊರಕ್ಕೆ ಬಾಗಿ ಕಿವಿಯ ಮೇಲೆ ಒತ್ತಿದರೆ ಸಣ್ಣದಾಯಿತು. ತಲೆ ಬಗ್ಗಿಸಿದಾಗ ಜಾರಿದರೆ ಒಂದೋ ಅಗಲ ಹೆಚ್ಚು, ಇಲ್ಲವಾದರೆ ಬ್ರಿಡ್ಜ್ ಹೆಚ್ಚು.

ಇನ್ನು ಪಿಡಿ. ಎರಡು ಕಣ್ಣುಗಳ ಕರಿಗುಡ್ಡೆಯ ನಡುವಿಗೆ ಇರುವ ದೂರ ಅದು. ಲೆನ್ಸಿನ ನಡುಭಾಗ ಸರಿಯಾಗಿ ಆ ಜಾಗಕ್ಕೆ ಬರಬೇಕು. ಬಾರದಿದ್ದರೆ ಪವರ್ ಸರಿ ಇದ್ದೂ ತಲೆ ಭಾರವಾಗುತ್ತದೆ. ಮಂಗಳೂರಿನಲ್ಲಿ ಕಣ್ಣು ತೋರಿಸಿ ಬಂದವರ ಚೀಟಿಗಳಲ್ಲೂ ಎಷ್ಟೋ ಸಲ ಪಿಡಿ ಬರೆದಿರುವುದಿಲ್ಲ. ಕೇಳಿ ಬರೆಸಿಕೊಳ್ಳಿ. ಆಗಲಿಲ್ಲ ಎಂದಾದರೆ ಹೀಗೆ ಮಾಡಿ:

ಕನ್ನಡಿಯಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿ, ಬೆಳಕಿಗೆ ಮುಖ ಮಾಡಿ ನಿಲ್ಲಿ. ಸ್ಕೇಲನ್ನು ಹುಬ್ಬಿಗೆ ತಾಗಿಸಿ ಹಿಡಿಯಿರಿ. ಬಲಗಣ್ಣು ಮುಚ್ಚಿ, ಸೊನ್ನೆಯ ಗೆರೆಯನ್ನು ಎಡಗಣ್ಣಿನ ಗುಡ್ಡೆಯ ನಡುವಿಗೆ ಸರಿಹೊಂದಿಸಿ. ತಲೆಯನ್ನೂ ಸ್ಕೇಲನ್ನೂ ಅಲುಗಿಸದೆ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಿರಿ. ಈಗ ಬಲಗಣ್ಣಿನ ಗುಡ್ಡೆಯ ನಡುವಿಗೆ ಬರುವ ಅಂಕಿಯೇ ಪಿಡಿ. ಮೂರು ಸಲ ನೋಡಿ. ದೊಡ್ಡವರಲ್ಲಿ ಸಾಮಾನ್ಯವಾಗಿ 54ರಿಂದ 74ರ ಒಳಗೆ ಬರುತ್ತದೆ. ಒಂದು ಸಲ 58, ಇನ್ನೊಂದು ಸಲ 66 ಬಂದರೆ ಸ್ಕೇಲ್ ಅಲುಗಿದೆ ಎಂದೇ ಅರ್ಥ. ಆಗ ಮನೆಯವರ ಹತ್ತಿರ ಒಂದು ಫೋಟೋ ತೆಗೆಸಿ. ಎಟಿಎಂ ಕಾರ್ಡಿನ ಕಪ್ಪು ಪಟ್ಟಿಯ ಬದಿಯನ್ನು ಹೊರಗೆ ಮಾಡಿ ಹಣೆಗೆ ಚಪ್ಪಟೆಯಾಗಿ ಹಿಡಿದುಕೊಳ್ಳಿ. ಕಾರ್ಡಿನ ಸಂಖ್ಯೆ, ಹಿಂದಿನ ಮೂರು ಅಂಕಿ ಎಲ್ಲದಕ್ಕೂ ಕಾಗದ ಅಂಟಿಸಿ ಮುಚ್ಚಿರಬೇಕು. ಎಲ್ಲ ಬ್ಯಾಂಕುಗಳ ಕಾರ್ಡಿನ ಅಗಲವೂ 85.6 ಮಿಲಿಮೀಟರ್. ಅದನ್ನು ಹಿಡಿದು ನಾವು ಪಿಡಿ ಲೆಕ್ಕ ಹಾಕುತ್ತೇವೆ.

ಮೈನಸ್ ಪವರ್ ಜಾಸ್ತಿ ಇರುವವರಿಗೆ ಇನ್ನೊಂದು ಲೆಕ್ಕ. ಫ್ರೇಮಿನ ಲೆನ್ಸ್ ಅಗಲಕ್ಕೆ ಬ್ರಿಡ್ಜ್ ಕೂಡಿಸಿ. ಬಂದ ಮೊತ್ತ ನಿಮ್ಮ ಪಿಡಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ನಿಮ್ಮ ಪಿಡಿ 60 ಎಂದುಕೊಳ್ಳಿ. 54-18ರ ಫ್ರೇಮ್ ತೆಗೆದರೆ ಮೊತ್ತ 72. ಪ್ರತಿ ಲೆನ್ಸಿನ ನಡುವನ್ನೂ 6 ಮಿಲಿಮೀಟರ್ ಒಳಗೆ ತರಬೇಕು, ಹೊರಗಿನ ಅಂಚು ದಪ್ಪವಾಗುತ್ತದೆ. 46-20 ತೆಗೆದರೆ ಮೊತ್ತ 66, ಒಳಗೆ ತರುವುದು ಬರೀ 3. ದುಬಾರಿ ತೆಳು ಲೆನ್ಸಿಗೆ ದುಡ್ಡು ಹಾಕುವ ಮೊದಲು ಸಣ್ಣ ಫ್ರೇಮ್ ಯೋಚಿಸಿ ಎಂದು ನಾವು ಹೇಳುವುದು ಇದಕ್ಕೇ. ನಮಗೆ ಅದರಲ್ಲಿ ಲಾಭ ಕಡಿಮೆ, ಇರಲಿ.

ಫ್ರೇಮುಗಳು

ಸಂಖ್ಯೆ 104. ಚೌಕ, ಟಿಆರ್-90, ಪೂರ್ತಿ ಅಂಚು
ಅಳತೆ 54□17-140. ಒಟ್ಟು ಅಗಲ 138. ಲೆನ್ಸಿನ ಎತ್ತರ 36. ಬಣ್ಣ: ಮಂಕು ಕಪ್ಪು, ಕಡು ನೀಲಿ. ₹850.
ಬಾಗಿಸಿದರೂ ಬೇಗ ಮುರಿಯದ ಹಗುರ ಪ್ಲಾಸ್ಟಿಕ್. ಬೆವರಿಗೆ ಏನೂ ಆಗುವುದಿಲ್ಲ. ತೋಟದ ಕೆಲಸಕ್ಕೆ, ಹೆಲ್ಮೆಟ್ ಒಳಗೆ ಹಾಕಲು ಇದಕ್ಕಿಂತ ಒಳ್ಳೆಯದು ನಮ್ಮಲ್ಲಿ ಇಲ್ಲ. ಎತ್ತರ ಸಾಕಷ್ಟು ಇರುವುದರಿಂದ ದೂರಕ್ಕೂ ಓದುವುದಕ್ಕೂ ಒಂದೇ ಲೆನ್ಸಿನಲ್ಲಿ ಪವರ್ ಇರುವ ಬೈಫೋಕಲ್ (ನಡುವೆ ಗೆರೆ ಇರುವುದು), ಪ್ರೋಗ್ರೆಸಿವ್ (ಗೆರೆ ಇಲ್ಲದ್ದು) ಎರಡೂ ಕೂರುತ್ತವೆ. ಮೂಗು ಚಪ್ಪಟೆ ಇರುವವರಿಗೆ ಮಾತ್ರ ಜಾರಬಹುದು. ಪ್ಯಾಡ್ ಹೊಂದಿಸಲು ಇದರಲ್ಲಿ ಅವಕಾಶ ಇಲ್ಲ.

ಸಂಖ್ಯೆ 112. ಅರ್ಧ ಅಂಚು, ಸ್ಟೀಲ್
ಅಳತೆ 52□18-140. ಒಟ್ಟು ಅಗಲ 134. ಎತ್ತರ 31. ಬಣ್ಣ: ಬೂದು, ಚಿನ್ನದ ಬಣ್ಣ. ₹1,150.
ಕೆಳಗಡೆ ತೆಳುವಾದ ನೈಲಾನ್ ದಾರ ಲೆನ್ಸನ್ನು ಹಿಡಿದಿರುತ್ತದೆ. ಮೇಷ್ಟ್ರುಗಳು, ಟೀಚರುಗಳು, ಬ್ಯಾಂಕಿನವರು ಕೇಳಿ ಒಯ್ಯುವ ಫ್ರೇಮ್. ಮೈನಸ್ 4 ದಾಟಿದ್ದರೆ ಬೇಡ, ಅಂಚಿನ ದಪ್ಪ ಎದ್ದು ಕಾಣುತ್ತದೆ. ಮೂಗಿನ ಪ್ಯಾಡ್ ಹೊಂದಿಸಬಹುದು. ಅದರ ಸಂದಿಯಲ್ಲಿ ಬೆವರು ಕೂತು ಹಸಿರು ಕಟ್ಟದಂತೆ ಆಗಾಗ ತೊಳೆಯಿರಿ. ಪ್ಯಾಡ್ ಹಳದಿಯಾದರೆ ತಂದುಕೊಡಿ, ಜೋಡಿಗೆ ₹30.

ಸಂಖ್ಯೆ 127. ಉರುಟು, ಅಸಿಟೇಟ್
ಅಳತೆ 46□20-145. ಒಟ್ಟು ಅಗಲ 128. ಎತ್ತರ 40. ಬಣ್ಣ: ಜೇನು ಕಂದು, ಕಪ್ಪು. ₹1,400.
ಮೈನಸ್ 5, 6 ಇರುವ ಕಾಲೇಜು ಮಕ್ಕಳಿಗೆ ನಾವು ಮೊದಲು ತೋರಿಸುವುದು ಇದನ್ನೇ. ಮೇಲೆ ಹೇಳಿದ ಲೆಕ್ಕ ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ದಪ್ಪ ಅಂಚು ಫ್ರೇಮಿನೊಳಗೇ ಅಡಗುತ್ತದೆ. ಅಗಲ ಮುಖಕ್ಕೆ ಆಗದು, ಫೋಟೋದಲ್ಲಿ ಎಷ್ಟೇ ಚಂದ ಕಂಡರೂ.

ಸಂಖ್ಯೆ 131. ಅಂಚಿಲ್ಲದ್ದು, ಟೈಟಾನಿಯಂ
ಅಳತೆ 53□17-140. ಒಟ್ಟು ಅಗಲ 136. ₹3,200.
ಮುಖದ ಮೇಲೆ ಇದೆ ಎಂದೇ ಅನಿಸುವುದಿಲ್ಲ. ನಿಕ್ಕಲ್‌ನಿಂದ ಚರ್ಮ ಕೆಂಪಾಗುವವರಿಗೂ ಸಾಮಾನ್ಯವಾಗಿ ತೊಂದರೆ ಕೊಡದ ಲೋಹ. ಲೆನ್ಸಿಗೆ ತೂತು ಕೊರೆಯಬೇಕಾದ್ದರಿಂದ ಸಾದಾ 1.50 ಲೆನ್ಸ್ ಇದಕ್ಕೆ ಹಾಕುವುದಿಲ್ಲ, ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಅಥವಾ 1.60 ಮಾತ್ರ. ಈ ಅಂಕಿ ಪವರ್ ಅಲ್ಲ, ಅದು ಹೆಚ್ಚಿದಷ್ಟೂ ಅದೇ ಪವರಿಗೆ ಲೆನ್ಸ್ ತೆಳು. ಮನೆಯಲ್ಲಿ ಸಣ್ಣ ಮಗು ಇದ್ದರೆ ಎರಡು ವರ್ಷ ಕಾಯಿರಿ.

ಸಂಖ್ಯೆ 140. ಮಕ್ಕಳದ್ದು, ಮೆದು ರಬ್ಬರ್ ಕಾಲು
ಅಳತೆ 45□15-125. ಒಟ್ಟು ಅಗಲ 118. ಹಿಂದಿನಿಂದ ಕಟ್ಟುವ ಪಟ್ಟಿ ಜೊತೆಗೇ ಬರುತ್ತದೆ. ₹750.
ಶಾಲೆಯ ಯೂನಿಫಾರ್ಮಿನ ಹಾಗೆ, ಬೆಳೆಯುವ ಮಗು ಅಲ್ವಾ, ಸ್ವಲ್ಪ ದೊಡ್ಡದೇ ಇರಲಿ ಎಂದು ಕೇಳಬೇಡಿ. ದೊಡ್ಡ ಫ್ರೇಮ್ ಮೂಗಿನ ತುದಿಗೆ ಜಾರುತ್ತದೆ, ಮಗು ಅದರ ಮೇಲಿನಿಂದ ಇಣುಕಿ ನೋಡುತ್ತದೆ. ಹಾಕಿದ ಪವರ್ ದಂಡ. ಲೆನ್ಸ್ ಪಾಲಿಕಾರ್ಬೊನೇಟ್ ಮಾತ್ರ, ಇದರಲ್ಲಿ ಚೌಕಾಸಿ ಇಲ್ಲ.

ಸಂಖ್ಯೆ 152. ಪೋಲರೈಸ್ಡ್ ತಂಪು ಕನ್ನಡಕ
ಅಳತೆ 58□16-135. ಒಟ್ಟು ಅಗಲ 142. ಯುವಿ 400. ₹1,300.
ನೀರಿನ ಮೇಲಿನ, ಒದ್ದೆ ರಸ್ತೆಯ ಮೇಲಿನ ಹೊಳಪನ್ನು ಕಡಿಮೆ ಮಾಡುತ್ತದೆ. ಮಂಜೇಶ್ವರ, ಕುಂಬಳೆ ಕಡೆಯ ಮೀನುಗಾರರಿಗೆ, ಹಗಲಿಡೀ ಹೈವೇಯಲ್ಲಿ ಗಾಡಿ ಓಡಿಸುವವರಿಗೆ ಹೇಳಿ ಮಾಡಿಸಿದ್ದು. ಮೊಬೈಲ್ ಪರದೆ ಕೆಲವು ಕೋನದಲ್ಲಿ ಕಪ್ಪಾಗಿ ಕಾಣಬಹುದು, ಅದು ದೋಷ ಅಲ್ಲ. ರಾತ್ರಿ ಹಾಕಬೇಡಿ.

ಸಂಖ್ಯೆ 160. ರೆಡಿ ಓದುವ ಕನ್ನಡಕ
+1.00ರಿಂದ +2.50. ₹250.
ಎರಡೂ ಕಣ್ಣಿನ ಪವರ್ ಒಂದೇ ಇದ್ದು, ಚೀಟಿಯಲ್ಲಿ ಸಿಲಿಂಡರ್, ಅಂದರೆ ಅಸ್ಟಿಗ್ಮ್ಯಾಟಿಸಂ ಸರಿಪಡಿಸುವ ಪವರ್, ಇಲ್ಲದವರಿಗೆ ಮಾತ್ರ. ಅಡಿಕೆ ಸುಲಿಯಲು, ಬೀಡಿ ಕಟ್ಟಲು ಬೇಕೆಂದರೆ ಹಾಗೇ ಹೇಳಿ. ಕೈ ಕೆಲಸದ ದೂರ ಪುಸ್ತಕದ ದೂರಕ್ಕಿಂತ ಹೆಚ್ಚಿದ್ದರೆ ಓದುವ ಪವರಿಗಿಂತ ಸ್ವಲ್ಪ ಕಡಿಮೆ ಬೇಕಾಗುತ್ತದೆ.

ಲೆನ್ಸ್ ಯಾವುದು?

ಬೆಲೆ ಒಂದು ಜೋಡಿಗೆ, ಒಂದೇ ಪವರಿನ ಲೆನ್ಸಿಗೆ.

1.50 ಸಾದಾ, ₹400. ಪ್ಲಸ್ ಅಥವಾ ಮೈನಸ್ 2ರವರೆಗೆ ಇದೇ ಸಾಕು. ನೋಟ ತುಂಬಾ ಸ್ಪಷ್ಟ. ಪಾಲಿಕಾರ್ಬೊನೇಟ್, ₹900. ಪೆಟ್ಟು ತಡೆಯುತ್ತದೆ, ಆದರೆ ಗೀರು ಬೇಗ ಬೀಳುತ್ತದೆ. ಹಾಗಾಗಿ ಹಾರ್ಡ್ ಕೋಟ್ ಇಲ್ಲದೆ ನಾವು ಕೊಡುವುದಿಲ್ಲ. 1.60, ₹1,500. ಮೈನಸ್ 3ರಿಂದ 6ರವರೆಗೆ. 1.67, ₹2,600. ಅದಕ್ಕೂ ಮೇಲಿನ ಪವರಿಗೆ. ಇದರಲ್ಲಿ ಅಂಚಿನಿಂದ ನೋಡಿದರೆ ಟ್ಯೂಬ್‌ಲೈಟಿನ ಸುತ್ತ ಸಣ್ಣ ಬಣ್ಣದ ಗೆರೆ ಕಾಣಬಹುದು. ಕಡಿಮೆ ಪವರಿಗೆ ಇದನ್ನು ಹಾಕಿಸಿ ದುಡ್ಡು ಹಾಳು ಮಾಡಬೇಡಿ.

ಬೈಫೋಕಲ್ ₹800ರಿಂದ, ಪ್ರೋಗ್ರೆಸಿವ್ ₹2,800ರಿಂದ. ಪ್ರೋಗ್ರೆಸಿವ್ ಬೇಕಾದರೆ ಲೆನ್ಸಿನ ಎತ್ತರ ಕನಿಷ್ಠ 30 ಇರುವ ಫ್ರೇಮ್ ಆರಿಸಿ. ಅದಕ್ಕೆ ಪಿಡಿ ಒಂದೇ ಸಾಲದು. ಖಾಲಿ ಫ್ರೇಮ್ ಮೊದಲು ಕಳಿಸುತ್ತೇವೆ. ಹಾಕಿಕೊಂಡು, ನೇರ ದೂರ ನೋಡುತ್ತಾ, ಕರಿಗುಡ್ಡೆಯ ಎದುರಿಗೆ ಮಾರ್ಕರ್ ಪೆನ್ನಿನಿಂದ ಬೇರೆಯವರ ಕೈಯಲ್ಲಿ ಚುಕ್ಕೆ ಹಾಕಿಸಿ ವಾಪಸ್ ಕಳಿಸಿ. ಅಂಗಡಿಗೇ ಬಂದರೆ ಇನ್ನೂ ಒಳ್ಳೆಯದು. ಶುರುವಿನಲ್ಲಿ ಮೆಟ್ಟಿಲು ಇಳಿಯುವಾಗ ಜಾಗ್ರತೆ.

ಕೋಟಿಂಗ್

ಹಾರ್ಡ್ ಕೋಟ್ ಎಲ್ಲ ಲೆನ್ಸಿಗೂ ಇದ್ದೇ ಇದೆ, ಬೇರೆ ಹಣ ಇಲ್ಲ. ಪ್ರತಿಫಲನ ತಡೆಯುವ ಕೋಟಿಂಗ್, ಅಂಗಡಿ ಮಾತಿನಲ್ಲಿ ಎಆರ್, ₹350. ರಾತ್ರಿ ಗಾಡಿ ಓಡಿಸುವವರು ಒಂದೇ ಒಂದು ಕೋಟಿಂಗ್ ಹಾಕಿಸುವುದಾದರೆ ಇದನ್ನೇ ಹಾಕಿಸಿ. ನೀರು ನಿಲ್ಲದ ಪದರ ಜೊತೆಗೆ ಸೇರಿಸಿದರೆ ₹550. ಮಳೆಗಾಲದಲ್ಲಿ ಹನಿ ಜಾರಿಹೋಗುತ್ತದೆ, ಒರೆಸಲು ಸುಲಭ. ಇದು ಮಬ್ಬು ಕಟ್ಟುವುದನ್ನು ತಡೆಯುವುದಿಲ್ಲ, ಎರಡೂ ಬೇರೆ ಬೇರೆ.

ನೀಲಿ ಬೆಳಕನ್ನು ಕಡಿಮೆ ಮಾಡುವ ಬ್ಲೂ ಕಟ್ ₹300. ಕೇಳಿದರೆ ಕೊಡುತ್ತೇವೆ, ಕೇಳದೆ ಹೇಳುವುದಿಲ್ಲ. ಕಂಪ್ಯೂಟರ್ ನೋಡಿ ಕಣ್ಣು ದಣಿಯುವುದು ಇದರಿಂದ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆ ಹೇಳಿದ್ದೂ ಅದನ್ನೇ.

ಬಿಸಿಲಿಗೆ ಕಪ್ಪಾಗುವ ಲೆನ್ಸ್ ₹1,400ರಿಂದ. ಕಾರಿನೊಳಗೆ ಅಷ್ಟಾಗಿ ಕಪ್ಪಾಗುವುದಿಲ್ಲ, ಎದುರಿನ ಗಾಜು ಯುವಿ ಕಿರಣವನ್ನು ತಡೆಯುತ್ತದೆ. ಸೆಕೆಯಲ್ಲಿ ಅದರ ಕಪ್ಪು ಸ್ವಲ್ಪ ಕಡಿಮೆ, ತಂಪಿನಲ್ಲಿ ಜಾಸ್ತಿ. ಏಪ್ರಿಲಿನಲ್ಲಿ ತಂದವರು ದೂರು ಹೇಳುವುದು ಇದರಿಂದಲೇ.

ಅಡಿಕೆಗೆ ಬೋರ್ಡೋ ಮದ್ದು ಬಿಡುವವರಿಗೆ ಒಂದು ಮಾತು. ಲೆನ್ಸಿನ ಮೇಲೆ ಬಿದ್ದ ಹನಿಯನ್ನು ಲುಂಗಿಯ ತುದಿಯಲ್ಲಿ ಒರೆಸಬೇಡಿ. ಒಣಗಿದ ಸುಣ್ಣ ಮರಳಿನಂತೆ ಗೀರುತ್ತದೆ. ಮೊದಲು ನೀರು ಹರಿಸಿ, ಆಮೇಲೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಬಿಸಿನೀರು ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಕನ್ನಡಕ ಬಿಟ್ಟು ಹೋಗುವುದೂ ಬೇಡ, ಕೋಟಿಂಗ್ ಸೀಳುತ್ತದೆ. ಮದ್ದು ಬಿಡುವಾಗ ಕಣ್ಣಿಗೆ ಪೂರ್ತಿ ಮುಚ್ಚುವ ಗಾಗಲ್ ಬೇಕು, ಪವರ್ ಕನ್ನಡಕ ಅದರ ಬದಲಿಗೆ ಆಗುವುದಿಲ್ಲ.

ಆರ್ಡರ್ ಮಾಡುವಾಗ

ಕಣ್ಣಿನ ಚೀಟಿಯ ಫೋಟೋ (ಒಂದು ವರ್ಷಕ್ಕಿಂತ ಹಳೆಯದಾದರೆ ಮತ್ತೆ ಪರೀಕ್ಷೆ ಮಾಡಿಸಿ), ಪಿಡಿ, ಹಳೆಯ ಫ್ರೇಮಿನ ಒಟ್ಟು ಅಗಲ, ಫ್ರೇಮ್ ಸಂಖ್ಯೆ, ಬಣ್ಣ. ಚೀಟಿಯಲ್ಲಿ ಪ್ಲಸ್ ಮೈನಸ್ ಗುರುತು ಕಾಣುವಂತೆ ಫೋಟೋ ತೆಗೆಯಿರಿ. ಕನ್ನಡ, ತುಳು, ಮಲಯಾಳಂ ಯಾವುದರಲ್ಲಿ ಬರೆದರೂ ಆಗುತ್ತದೆ.

ಸಾದಾ ಪವರ್ ಮೂರು ದಿನ, ಸಿಲಿಂಡರ್ ಜಾಸ್ತಿ ಇದ್ದರೆ ಅಥವಾ ಪ್ರೋಗ್ರೆಸಿವ್ ಆದರೆ ಎಂಟು ಹತ್ತು ದಿನ. ಪೆರ್ಲ, ಮುಳ್ಳೇರಿಯ, ನೀರ್ಚಾಲು, ಕುಂಬಳೆಗೆ ಬಸ್ಸಿನಲ್ಲಿ ಕಳಿಸುತ್ತೇವೆ, ಬೇರೆ ಊರುಗಳಿಗೆ ಸ್ಪೀಡ್ ಪೋಸ್ಟ್. ಖಾಲಿ ಫ್ರೇಮ್ ಕೂರದಿದ್ದರೆ ಏಳು ದಿನದೊಳಗೆ ಬದಲಿಸಿಕೊಡುತ್ತೇವೆ. ಪವರ್ ಹಾಕಿದ ಲೆನ್ಸ್ ವಾಪಸ್ ಇಲ್ಲ. ಚೀಟಿಯಲ್ಲಿ ಇದ್ದದ್ದು ಬಿಟ್ಟು ನಾವು ಬೇರೆ ಹಾಕಿದ್ದರೆ ಹೊಸದು ನಮ್ಮ ಖರ್ಚಿನಲ್ಲಿ. ಸ್ಕ್ರೂ ಬಿಗಿ ಮಾಡುವುದಕ್ಕೆ, ಕಾಲು ಬಗ್ಗಿಸಿ ಹೊಂದಿಸುವುದಕ್ಕೆ ದುಡ್ಡಿಲ್ಲ, ಎಲ್ಲಿಂದ ತೆಗೆದುಕೊಂಡ ಕನ್ನಡಕವಾದರೂ ಸರಿ. ಭಾನುವಾರ ರಜೆ.