ಎಂಟು ಬಾಕ್ಸ್, ಆರು ಸುಳಿವು

ಕ, ಗ, ಚ, ಟ, ತ, ಪ, ಮ, ಸ ಎಂಬ ಎಂಟು ಬಾಕ್ಸ್‌ಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದಾರೆ. ನೆಲದ ಮೇಲಿರುವುದು 1ನೇ ಹಂತ, ತುತ್ತತುದಿಯಲ್ಲಿರುವುದು 8ನೇ ಹಂತ. ಯಾವುದು ಎಲ್ಲಿದೆ ಎಂದು ಕಂಡುಹಿಡಿಯಬೇಕು. ಸುಳಿವುಗಳು ಇಷ್ಟೇ:

1. ಸ ಬಾಕ್ಸ್‌ಗಿಂತ ಕ ಮೇಲಿದೆ. ಇವೆರಡರ ನಡುವೆ ಮೂರು ಬಾಕ್ಸ್‌ಗಳಿವೆ.
2. ಟ ಬಾಕ್ಸ್‌ನ ಕೆಳಗೆ ಒಂದಾದರೂ ಬಾಕ್ಸ್ ಇದೆ.
3. ಗ ಮತ್ತು ತ ನಡುವೆ ಎರಡು ಬಾಕ್ಸ್‌ಗಳಿವೆ.
4. ಪ ಬಾಕ್ಸ್‌ಗೆ ತಾಗಿಕೊಂಡೇ ಅದರ ಮೇಲೆ ಚ ಕೂತಿದೆ.
5. ಗ ಬಾಕ್ಸ್‌ನ ಮೇಲೆ ಮೂರೇ ಮೂರು ಬಾಕ್ಸ್‌ಗಳಿವೆ.
6. ತ ಬಾಕ್ಸ್‌ಗೆ ತಾಗಿಕೊಂಡೇ ಅದರ ಕೆಳಗೆ ಮ ಇದೆ.

ಪ್ರಶ್ನೆಗಳು:

ಅ) ತುತ್ತತುದಿಯಲ್ಲಿರುವುದು ಯಾವುದು?
ಆ) ಟ ಎಷ್ಟನೇ ಹಂತದಲ್ಲಿದೆ?
ಇ) ಪ ಮತ್ತು ತ ನಡುವೆ ಎಷ್ಟು ಬಾಕ್ಸ್‌ಗಳಿವೆ?
ಈ) ಎರಡನೇ ಸುಳಿವನ್ನು ತೆಗೆದು, ಅದರ ಜಾಗದಲ್ಲಿ "ಪ ಮತ್ತು ಗ ಒಂದಕ್ಕೊಂದು ತಾಗಿಲ್ಲ" ಎಂದು ಬರೆದರೆ ಸಾಲು ಹೇಗಿರುತ್ತದೆ?

ಪೇಪರ್, ಪೆನ್ಸಿಲ್ ತೆಗೆದುಕೊಂಡು ಒಂದು ಹತ್ತು ನಿಮಿಷ ಕೂತು ನೋಡಿ. ಉತ್ತರ ಕೆಳಗೇ ಇದೆ, ಅದೇನೂ ಓಡಿಹೋಗುವುದಿಲ್ಲ.

ಬಿಡಿಸುವ ಬಗೆ

ಸುಳಿವೇ ಇಲ್ಲದಿದ್ದರೆ ಎಂಟು ಬಾಕ್ಸ್‌ಗಳನ್ನು 40,320 ರೀತಿಯಲ್ಲಿ ಪೇರಿಸಬಹುದು. ಸುಳಿವು ಬರೆದಿರುವ ಕ್ರಮದಲ್ಲೇ ಹೊರಟರೆ ಮೊದಲನೆಯದರಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ, ಏಕೆಂದರೆ ಕ ಮತ್ತು ಸ ಜೋಡಿಗೆ ನಾಲ್ಕು ಜಾಗಗಳು ಖಾಲಿ ಇವೆ. ಜಾಗವನ್ನು ನೇರವಾಗಿ ಹೇಳುವ ಸುಳಿವು ಒಂದೇ, ಐದನೆಯದು. ಮೇಲೆ ಮೂರು ಇದ್ದರೆ ಗ ಇರುವುದು 5ನೇ ಹಂತದಲ್ಲಿ. ಉಳಿದವು 5,040.

ಗ ಗೊತ್ತಾದ ಮೇಲೆ ಅದರ ಹೆಸರು ಇರುವ ಇನ್ನೊಂದು ಸುಳಿವು ಹುಡುಕಿ. ಮೂರನೆಯದು ಸಿಗುತ್ತದೆ. ನಡುವೆ ಎರಡು ಎಂದಿದೆ, ಆದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಿಲ್ಲ. ಹಾಗಾಗಿ ತ 8ರಲ್ಲೂ ಇರಬಹುದು, 2ರಲ್ಲೂ ಇರಬಹುದು. ಇಲ್ಲಿ ಒಂದನ್ನು ಸುಮ್ನೆ ಊಹಿಸಿ ಮುಂದೆ ಹೋಗಬೇಡಿ. ಎರಡು ಸಾಲು ಗೀಟು ಹಾಕಿ, ಎರಡನ್ನೂ ಜೊತೆಜೊತೆಗೇ ತುಂಬುತ್ತಾ ಹೋಗಿ. ಆರನೇ ಸುಳಿವಿನಿಂದ ಮ ಕೂಡ ಕೂತುಕೊಳ್ಳುತ್ತದೆ:

ಮೊದಲ ಸಾಲು: ತ 8, ಮ 7, ಗ 5.
ಎರಡನೇ ಸಾಲು: ಗ 5, ತ 2, ಮ 1.

ಈಗ ಉಳಿದ ದಾರಿಗಳು 240.

ಇನ್ನು ಕ ಮತ್ತು ಸ. ನಡುವೆ ಮೂರು ಬಾಕ್ಸ್ ಎಂದರೆ ಹಂತಗಳ ಅಂತರ ಮೂರಲ್ಲ, ನಾಲ್ಕು. ಜಾಸ್ತಿ ಜನ ಎಡವುವುದು ಇಲ್ಲೇ. ಮೊದಲ ಸಾಲಿನಲ್ಲಿ 6, 4, 3, 2, 1 ಖಾಲಿ ಇವೆ. ಇವುಗಳಲ್ಲಿ ನಾಲ್ಕರ ಅಂತರ ಇರುವುದು 6 ಮತ್ತು 2ಕ್ಕೆ ಮಾತ್ರ, ಹಾಗಾಗಿ ಕ 6, ಸ 2. ಎರಡನೇ ಸಾಲಿನಲ್ಲಿ ಖಾಲಿ ಇರುವುದು 8, 7, 6, 4, 3. ಇಲ್ಲಿ ಎರಡು ಜೋಡಿ ಸಿಗುತ್ತವೆ: ಕ 8, ಸ 4 ಅಥವಾ ಕ 7, ಸ 3. ಒಂದು ಸಾಲು ಕವಲೊಡೆಯಿತು ಅಂತ ಗಾಬರಿ ಬೇಡ. 240 ಇದ್ದದ್ದು 18ಕ್ಕೆ ಇಳಿದಿದೆ.

ನಾಲ್ಕನೇ ಸುಳಿವಿಗೆ ಅಕ್ಕಪಕ್ಕದ ಎರಡು ಖಾಲಿ ಹಂತಗಳು ಬೇಕು. ಕ 7, ಸ 3 ಎಂದುಕೊಂಡರೆ ಉಳಿಯುವುದು 8, 6, 4. ಒಂದೂ ಅಕ್ಕಪಕ್ಕ ಇಲ್ಲ, ಆ ಕವಲು ಹೋಯಿತು. ಕ 8, ಸ 4 ಆದರೆ 7, 6, 3 ಉಳಿಯುತ್ತವೆ: ಚ 7, ಪ 6, ಟ 3. ಮೊದಲ ಸಾಲಿನಲ್ಲಿ ಉಳಿದ 4, 3, 1ರಲ್ಲಿ ಚ 4, ಪ 3, ಟ 1.

ಎರಡೂ ಸಾಲು ಪೂರ್ತಿ ತುಂಬಿದವು, ಐದು ಸುಳಿವಿಗೂ ಎರಡೂ ಒಪ್ಪುತ್ತವೆ. ಮೊದಲ ಸಾಲನ್ನೇ ಹಿಡಿದು ಬಂದವರು ಇಲ್ಲಿ ಪೆನ್ಸಿಲ್ ಕೆಳಗಿಟ್ಟುಬಿಡುತ್ತಾರೆ! ಆದರೆ ಎರಡನೇ ಸುಳಿವು ಇನ್ನೂ ಬಾಕಿ ಇದೆ, ಅಲ್ವಾ? ಓದುವಾಗ ಅದು ಏನೂ ಹೇಳದಂತೆ ಕಾಣುತ್ತದೆ. ಟ ಕೆಳಗೆ ಒಂದಾದರೂ ಬಾಕ್ಸ್ ಇದೆ ಎಂದರೆ ಟ 1ನೇ ಹಂತದಲ್ಲಿಲ್ಲ ಎಂದರ್ಥ, ಅಷ್ಟೇ. ಅಷ್ಟಕ್ಕೇ ಮೊದಲ ಸಾಲು ಬಿದ್ದುಹೋಗುತ್ತದೆ.

ಉತ್ತರ, ಮೇಲಿನಿಂದ ಕೆಳಕ್ಕೆ: ಕ, ಚ, ಪ, ಗ, ಸ, ಟ, ತ, ಮ.

ಅ) ಕ.
ಆ) 3ನೇ ಹಂತ.
ಇ) ಮೂರು: ಗ, ಸ, ಟ.
ಈ) ಈ ಉತ್ತರದಲ್ಲಿ ಪ ಮತ್ತು ಗ ತಾಗಿಕೊಂಡೇ ಇವೆ. ಹಾಗಾಗಿ ಹೊಸ ಸುಳಿವು ಇದನ್ನು ಬೀಳಿಸಿ, ನಾವು ಬಿಟ್ಟುಬಂದ ಮೊದಲ ಸಾಲನ್ನು ಎತ್ತಿ ಹಿಡಿಯುತ್ತದೆ: ತ, ಮ, ಕ, ಗ, ಚ, ಪ, ಸ, ಟ. ಬದಲಾಗಿದ್ದು ಒಂದೇ ಸುಳಿವು, ಆದರೆ ಗ ಬಿಟ್ಟರೆ ಒಂದು ಬಾಕ್ಸೂ ಹಳೇ ಜಾಗದಲ್ಲಿ ಉಳಿದಿಲ್ಲ.